ತೊಲಿಗೆ ಮೂರೂವರೆ ಸಾವಿರ ಎಲ್ಲಿಗೆ ಹೋಯಿತು?

2024ರ ಜುಲೈ 23, ಮಂಗಳವಾರ. ಆಷಾಢ ಮಾಸ. ಮದುವೆ ಮುಂಜಿಗಳಿಲ್ಲದ ಕಾಲವಾದ್ದರಿಂದ ಸರಾಫ ಕಟ್ಟೆಗಳಲ್ಲಿ ಗಿರಾಕಿಗಳ ಗದ್ದಲವಿರಲಿಲ್ಲ. ಶ್ರಾವಣದಲ್ಲಿ ಲಗ್ನ ಇಟ್ಟುಕೊಂಡವರು ಮಾತ್ರ ಬಂದು ದರ ಕೇಳಿ, ನಿಟ್ಟುಸಿರು ಬಿಟ್ಟು, ಮುಂಗಡ ಕೊಟ್ಟು ಹೋಗುತ್ತಿದ್ದರು. ಅಂದು ಬೆಳಿಗ್ಗೆ ಹನ್ನೊಂದಕ್ಕೆ ದಿಲ್ಲಿಯಲ್ಲಿ ಅರ್ಥ ಸಚಿವೆ ನಿರ್ಮಲಾ ಸೀತಾರಾಮನ್ ಅವರು ಮುಂಗಡಪತ್ರ ಓದಲು ನಿಂತರು. ಭಾಷಣದ ಕೊನೆಯ ಭಾಗದಲ್ಲಿ ಒಂದು ವಾಕ್ಯ ಬಂತು: ಚಿನ್ನ ಮತ್ತು ಬೆಳ್ಳಿಯ ಮೇಲಿನ ಸೀಮಾ ಸುಂಕವನ್ನು ಶೇಕಡಾ 6ಕ್ಕೆ ಇಳಿಸಲಾಗುವುದು. ಅದುವರೆಗೆ ಚಿನ್ನದ ಮೇಲೆ ಎಲ್ಲ ಸೇರಿ ಶೇ. 15ರಷ್ಟು ಭಾರವಿತ್ತು. ಸಂಜೆಯ ಹೊತ್ತಿಗೆ ಸರಾಫರ ಅಖಿಲ ಭಾರತ ಸಂಘವಾದ ಇಂಡಿಯಾ ಬುಲಿಯನ್ ಅಂಡ್ ಜುವೆಲರ್ಸ್ ಅಸೋಸಿಯೇಷನ್ ಪ್ರಕಟಿಸಿದ ದರದಲ್ಲಿ ಅಪ್ಪಟ ಚಿನ್ನ 10 ಗ್ರಾಂಗೆ ಸುಮಾರು 69,600 ರೂಪಾಯಿ ಆಗಿತ್ತು. ಹಿಂದಿನ ಸಂಜೆ ಅದೇ ದರ ಸುಮಾರು 73,200 ಇತ್ತು. ಉತ್ತರ ಕರ್ನಾಟಕದ ಅಂಗಡಿಗಳಲ್ಲಿ ಈಗ ತೊಲಿ ಎಂದರೆ 10 ಗ್ರಾಂ (ಹಳೆಯ ತೊಲಿ 11.66 ಗ್ರಾಂ ಇತ್ತು, ಅಜ್ಜಿಯರ ಲೆಕ್ಕ ಈಗಲೂ ಅದೇ). ಅಂದರೆ ಒಂದೇ ದಿನದಲ್ಲಿ ತೊಲಿಗೆ ಮೂರೂವರೆ ಸಾವಿರಕ್ಕೂ ಮಿಕ್ಕಿ ಇಳಿದಿತ್ತು.

ದೊಡ್ಡ ಊರಿನ ದೊಡ್ಡ ಅಂಗಡಿಯವರು ಮರುದಿನ ಪತ್ರಿಕೆಯಲ್ಲಿ ಜಾಹೀರಾತು ಹಾಕಿದರೆ ಮುಗಿಯಿತು. ಸಣ್ಣ ಊರಿನ ಸರಾಫನಿಗೆ ಅಷ್ಟು ಸುಲಭವಿಲ್ಲ. ಗೊಟಗೋಡಿಯಂಥ ಹಳ್ಳಿಯಿಂದ ಶಿಗ್ಗಾವಿಗೋ ಹಾನಗಲ್ಲಿಗೋ ಸವಣೂರಿಗೋ ಹೋಗಿ ಒಡವೆ ಕೊಳ್ಳುವವರು ಅಂಗಡಿಕಾರನನ್ನು ಎರಡು ತಲೆಮಾರಿನಿಂದ ಬಲ್ಲವರು. ಹಿಂದಿನ ವಾರ ಒಯ್ದವರು, "ಮೊನ್ನಿ ಒಯ್ದವ್ರು ನಾವೇನು ಪಾಪ ಮಾಡಿದ್ವಿರೀ?" ಎಂದು ಕೇಳಲು ಬರುತ್ತಾರೆ. ಅಂಥ ಸಣ್ಣ ಅಂಗಡಿಯೊಂದು 24ರ ಬೆಳಿಗ್ಗೆ ತನ್ನ ಗಾಜಿನ ಕಪಾಟಿಗೆ ಒಂದು ಚೀಟಿ ಅಂಟಿಸಬೇಕಾಗಿತ್ತು ಎಂದು ಊಹಿಸಿಕೊಂಡರೆ, ಪ್ರಾಮಾಣಿಕನಾದ ಅಂಗಡಿಕಾರ ಬರೆಯಬಹುದಾಗಿದ್ದ ಚೀಟಿ ಹೀಗಿದ್ದೀತು:

"ಸರ್ವ ಗಿರಾಕಿ ಬಾಂಧವರಲ್ಲಿ ವಿನಂತಿ. ನಿನ್ನೆ ಕೇಂದ್ರ ಸರಕಾರವು ಬಂಗಾರದ ಆಮದು ಸುಂಕವನ್ನು ಇಳಿಸಿದ ಕಾರಣ ಇಂದಿನ ದರ ಇಳಿದಿದೆ. 22 ಕ್ಯಾರೆಟ್ ಬಂಗಾರ, ಗ್ರಾಂಗೆ ರೂ. 6,375. ಮೊನ್ನೆ ರೂ. 6,705 ಇತ್ತು. ಬಂಗಾರದ ಶುದ್ಧತೆಯಲ್ಲಿ ಯಾವ ವ್ಯತ್ಯಾಸವೂ ಇಲ್ಲ. ನಿನ್ನೆಯವರೆಗೆ ಮಾರಿದ ಮಾಲಿನ ಸುಂಕ ಆಗಲೇ ಕಟ್ಟಿ ಆಗಿರುವುದರಿಂದ ವ್ಯತ್ಯಾಸದ ಹಣ ಮರಳಿಸಲು ಬರುವುದಿಲ್ಲ, ಕ್ಷಮೆ ಇರಲಿ. ದರ ಬರೆಯದೆ ಮುಂಗಡ ಕೊಟ್ಟವರಿಗೆ ಒಡವೆ ಒಯ್ಯುವ ದಿನದ ದರವೇ ಹತ್ತುವುದು. ದರ ಬರೆಸಿ ಮುಂಗಡ ಕೊಟ್ಟವರು ದಯವಿಟ್ಟು ಚೀಟಿ ತಂದು ಮಾತಾಡಬೇಕು. ಹಳೆಯ ಬಂಗಾರವನ್ನೂ ಇಂದಿನ ದರದಲ್ಲೇ ಹಿಡಿಯಲಾಗುವುದು. ಮಜೂರಿಯಲ್ಲಿ ಬದಲಿಲ್ಲ."

ಎಂಟು ಹತ್ತು ಸಾಲಿನ ಚೀಟಿ. ಆದರೆ ಇದರ ಒಂದೊಂದು ಸಾಲಿನ ಹಿಂದೆಯೂ ಒಂದೊಂದು ಲೆಕ್ಕವಿದೆ. ಹತ್ತನೆಯ ತರಗತಿಯ ಗಣಿತ ಬಲ್ಲ ಹುಡುಗನೋ ಹುಡುಗಿಯೋ ಮನೆಯಲ್ಲಿದ್ದರೆ ತಂದೆತಾಯಿಗಳು ಅದನ್ನು ಅವರಿಂದಲೇ ಮಾಡಿಸಬಹುದು.

ಮೊದಲಿಗೆ ಸುಂಕದ ಮಾತು. ಶಿಗ್ಗಾವಿಯ ಸರಾಫ ತನ್ನ ಜೀವಮಾನದಲ್ಲಿ ಒಮ್ಮೆಯೂ ಕಸ್ಟಮ್ಸ್ ಕಚೇರಿಯ ಮೆಟ್ಟಿಲು ಹತ್ತಿರಲಾರ. ಹಾಗಿದ್ದರೂ ಅವನ ಕಪಾಟಿನ ಪ್ರತಿ ಗ್ರಾಂನಲ್ಲಿಯೂ ಸುಂಕ ಕುಳಿತಿರುತ್ತದೆ. ಭಾರತದಲ್ಲಿ ಗಣಿಯಿಂದ ಬರುವ ಚಿನ್ನ ತೀರ ಅಲ್ಪ. ಕೋಲಾರದ ಗಣಿ 2001ರಲ್ಲಿ ಮುಚ್ಚಿತು. ಮುಖ್ಯವಾಗಿ ಉಳಿದಿರುವುದು ರಾಯಚೂರು ಜಿಲ್ಲೆಯ ಹಟ್ಟಿ. ಅಲ್ಲಿಂದ ಬರುವುದು ವರ್ಷಕ್ಕೆ ಒಂದೆರಡು ಟನ್ನುಗಳ ಲೆಕ್ಕದಲ್ಲಿ; ದೇಶ ಆಮದು ಮಾಡಿಕೊಳ್ಳುವುದು ನೂರಾರು ಟನ್ನುಗಳ ಲೆಕ್ಕದಲ್ಲಿ. ವಿದೇಶದಿಂದ ಗಟ್ಟಿಗಳು ಬರುವುದು ಅನುಮತಿ ಪಡೆದ ಬ್ಯಾಂಕುಗಳ ಮತ್ತು ಸಂಸ್ಥೆಗಳ ಮೂಲಕ. ಅವು ಸುಂಕ ಕಟ್ಟಿ ಗಟ್ಟಿಯನ್ನು ಬಿಡಿಸಿಕೊಳ್ಳುತ್ತವೆ, ಸುಂಕ ಸೇರಿಸಿ ದೊಡ್ಡ ಸಗಟು ವ್ಯಾಪಾರಿಗೆ ಮಾರುತ್ತವೆ. ಅವನಿಂದ ಹುಬ್ಬಳ್ಳಿಗೆ, ಹುಬ್ಬಳ್ಳಿಯಿಂದ ಸಣ್ಣ ಊರಿಗೆ. ಸುಂಕವನ್ನು ಕಟ್ಟುವವರು ಮೊದಲಿನವರು, ಹೊರುವವರು ಕೊನೆಯವರು. ಮಜವೆಂದರೆ ಹಟ್ಟಿಯಲ್ಲಿ ತೆಗೆದ ಚಿನ್ನಕ್ಕೆ ಸೀಮಾ ಸುಂಕವಿಲ್ಲ, ಆದರೂ ಅದು ಅಗ್ಗವಾಗಿ ಸಿಗುವುದಿಲ್ಲ. ಮಾರುಕಟ್ಟೆಯಲ್ಲಿ ಎರಡು ಗಟ್ಟಿಗಳ ನಡುವೆ ಭೇದವಿಲ್ಲದ ಕಾರಣ ಸುಂಕ ಸೇರಿದ ದರವೇ ಎಲ್ಲದರ ದರವಾಗುತ್ತದೆ.

ಈಗ ಲೆಕ್ಕ. ಲೋಕದ ಮಾರುಕಟ್ಟೆಯಲ್ಲಿ ಚಿನ್ನದ ಬೆಲೆಯನ್ನು ಒಂದು ಔನ್ಸ್‌ಗೆ ಇಷ್ಟು ಡಾಲರ್ ಎಂದು ಹೇಳುತ್ತಾರೆ. ಈ ಔನ್ಸ್‌ನ ವಿಷಯದಲ್ಲಿ ವಿದ್ಯಾರ್ಥಿಗಳು ಎಚ್ಚರವಾಗಿರಬೇಕು. ಕಿರಾಣಿ ಸಾಮಾನಿನ ಔನ್ಸ್ 28.35 ಗ್ರಾಂ, ಚಿನ್ನ ಬೆಳ್ಳಿ ತೂಗುವ ಔನ್ಸ್‌ಗೆ ಟ್ರಾಯ್ ಔನ್ಸ್ ಎಂದು ಹೆಸರು, ಅದು 31.10 ಗ್ರಾಂ. ಮೊದಲನೆಯದನ್ನು ಹಿಡಿದು ಲೆಕ್ಕ ಮಾಡಿದರೆ ಚಿನ್ನ ಹತ್ತಿರ ಹತ್ತಿರ ಶೇ. 10ರಷ್ಟು ತುಟ್ಟಿಯಾಗಿ ಕಾಣುತ್ತದೆ, ಅಂಗಡಿಕಾರನನ್ನು ವಿನಾಕಾರಣ ಧರ್ಮಾತ್ಮ ಎಂದುಕೊಳ್ಳಬೇಕಾಗುತ್ತದೆ!

ಆ ವಾರ ಲೋಕದ ಬೆಲೆ ಔನ್ಸ್‌ಗೆ ಸುಮಾರು 2,400 ಡಾಲರ್ ಇತ್ತು. ಅದನ್ನು 31.10ರಿಂದ ಭಾಗಿಸಿದರೆ ಗ್ರಾಂಗೆ 77 ಡಾಲರ್‌ಗಿಂತ ತುಸು ಹೆಚ್ಚು. 10 ಗ್ರಾಂಗೆ ಸುಮಾರು 772 ಡಾಲರ್. ಆಗ ಒಂದು ಡಾಲರಿಗೆ 83 ರೂಪಾಯಿ 70 ಪೈಸೆಯ ಆಸುಪಾಸಿನ ದರವಿತ್ತು. ಗುಣಿಸಿದರೆ 10 ಗ್ರಾಂ ಚಿನ್ನ ಭಾರತದ ಬಂದರನ್ನೋ ವಿಮಾನ ನಿಲ್ದಾಣವನ್ನೋ ಮುಟ್ಟುವಾಗ ಅದರ ಬೆಲೆ ಸುಮಾರು 64,600 ರೂಪಾಯಿ. ಇದಕ್ಕೆ ಹಳೆಯ ಶೇ. 15ರ ಸುಂಕ 9,690 ರೂಪಾಯಿ ಸೇರಿದರೆ 74,290. ಹೊಸ ಶೇ. 6ರ ಸುಂಕ 3,876 ರೂಪಾಯಿ ಸೇರಿದರೆ 68,476. ವ್ಯತ್ಯಾಸ 5,814 ರೂಪಾಯಿ.

ಇಲ್ಲಿ ಎರಡು ಸಂಗತಿಗಳನ್ನು ನಿಂತು ನೋಡಬೇಕು. ಒಂದನೆಯದು, ಸುಂಕ ಇಳಿದದ್ದು 9 ಅಂಶ, ಆದರೆ ಬೆಲೆ ಇಳಿಯಬೇಕಾದದ್ದು ಶೇ. 9 ಅಲ್ಲ. ಗಿರಾಕಿ ಕೊಡುತ್ತಿದ್ದುದು 100ಕ್ಕೆ 115. ಈಗ ಕೊಡಬೇಕಾದದ್ದು 106. 115ರಲ್ಲಿ 9 ಹೋದರೆ ಅದು ಶೇ. 7.8 ಮಾತ್ರ. ಸುಂಕವನ್ನು ಅಳೆಯುವ ಕೋಲು ಬೇರೆ, ಬೆಲೆಯನ್ನು ಅಳೆಯುವ ಕೋಲು ಬೇರೆ.

ಎರಡನೆಯದು ಇನ್ನೂ ಸ್ವಾರಸ್ಯದ್ದು. ಲೆಕ್ಕದ ಪ್ರಕಾರ 5,800 ಇಳಿಯಬೇಕಾದದ್ದು ಮೊದಲ ದಿನ ಇಳಿದದ್ದು 3,600 ಮಾತ್ರ. ಉಳಿದ ಎರಡು ಸಾವಿರದ ಚಿಲ್ಲರೆ ಎಲ್ಲಿಗೆ ಹೋಯಿತು? ವ್ಯಾಪಾರಿಗಳು ನುಂಗಿದರು ಎಂದು ಥಟ್ಟನೆ ಹೇಳಿಬಿಡುವವರು ಲೆಕ್ಕದ ಇನ್ನೊಂದು ಬದಿಯನ್ನು ನೋಡಿರುವುದಿಲ್ಲ. ಹಿಂದಿನ ದಿನದ ಮಾರುಕಟ್ಟೆಯ ದರ 73,200. ಸುಂಕ ಕಟ್ಟಿ ತಂದ ಚಿನ್ನದ ಲೆಕ್ಕದ ಬೆಲೆ 74,290. ಅಂದರೆ ಸುಮಾರು ಸಾವಿರ ರೂಪಾಯಿ ಕಡಿಮೆಗೇ ಮಾರಾಟ ನಡೆದಿತ್ತು, ಏಕೆಂದರೆ ತುಟ್ಟಿ ದರ ಕಂಡು ಕೊಳ್ಳುವವರು ಹಿಂಜರಿದಿದ್ದರು. ಸುಂಕ ಇಳಿದ ಮರುಗಳಿಗೆ ಚಿತ್ರ ತಿರುಗಿತು. ಕೊಳ್ಳುವವರು ಅಂಗಡಿಗೆ ಮುಗಿಬಿದ್ದರು, ಆದರೆ ಹೊಸ ಸುಂಕದ ಚಿನ್ನ ಇನ್ನೂ ದೇಶದೊಳಗೆ ಬಂದೇ ಇರಲಿಲ್ಲ. ಹೊಸ ದರದ ಸುಂಕ ಜಾರಿಗೆ ಬಂದದ್ದೇ ಜುಲೈ 24ರಿಂದ. ಇದ್ದ ದಾಸ್ತಾನೆಲ್ಲ ಶೇ. 15 ಕಟ್ಟಿದ್ದು. ಹೀಗಾಗಿ ದರ ಲೆಕ್ಕಕ್ಕಿಂತ ಸಾವಿರ ರೂಪಾಯಿಯಷ್ಟು ಮೇಲೆಯೇ ನಿಂತಿತು. ಅತ್ತ ಒಂದು ಸಾವಿರ, ಇತ್ತ ಒಂದು ಸಾವಿರ: ಕಾಣೆಯಾದ ಹಣ ಅಲ್ಲಿದೆ. ಹೊಸ ಮಾಲು ಬರುತ್ತ ಹೋದ ಹಾಗೆ ಮೇಲಿನ ಸಾವಿರ ಕರಗತೊಡಗಿತು.

ಹಾಗಾದರೆ ಕಪಾಟಿನಲ್ಲಿ ಮೊದಲೇ ಇದ್ದ, ತುಟ್ಟಿ ಸುಂಕ ಕಟ್ಟಿ ತಂದಿದ್ದ ಚಿನ್ನವನ್ನು ಅಂಗಡಿಕಾರ 23ರ ಸಂಜೆಯೇ ಅಗ್ಗಕ್ಕೆ ಏಕೆ ಮಾರಬೇಕು? "ಸ್ವಾಮೀ, ಇದು ಹಳೇ ಸುಂಕದ ಮಾಲು, ಹಳೇ ದರಕ್ಕೇ ಕೊಡುತ್ತೇನೆ" ಎಂದು ಕುಳಿತರಾಗದೆ? ಆಗುವುದಿಲ್ಲ. ಪಕ್ಕದ ಅಂಗಡಿಯವನು ನಾಳೆ ಅಗ್ಗದ ಗಟ್ಟಿ ತರಿಸಬಲ್ಲ ಎಂಬುದು ಗೊತ್ತಾದ ಕ್ಷಣದಿಂದ ಯಾವ ಗಿರಾಕಿಯೂ ಹಳೆಯ ದರ ಕೊಡುವುದಿಲ್ಲ. ಚಿನ್ನದ ಬೆಲೆಯನ್ನು ಅದನ್ನು ತಂದಾಗ ಕೊಟ್ಟ ಹಣ ನಿರ್ಧರಿಸುವುದಿಲ್ಲ. ಅದೇ ತೂಕವನ್ನು ಇಂದು ಮತ್ತೆ ತರಲು ಎಷ್ಟು ಬೇಕು ಎಂಬುದು ನಿರ್ಧರಿಸುತ್ತದೆ. ಗಿರಾಕಿಗೆ ಇಂದು ಒಪ್ಪಿಗೆಯಾಗುವ ಈ ನಿಯಮ ದರ ಏರಿದ ದಿನ ಒಪ್ಪಿಗೆಯಾಗುವುದಿಲ್ಲ ಎಂಬುದು ಬೇರೆ ಮಾತು. 2022ರ ಜುಲೈ 1ರಂದು ಸುಂಕವನ್ನು ಶೇ. 15ಕ್ಕೆ ಏರಿಸಿದಾಗ ಕಪಾಟಿನಲ್ಲಿದ್ದ ಹಳೆಯ ಮಾಲಿಗೂ ಹೊಸ ದರವೇ ಹತ್ತಿತ್ತು. ಆಗ ಏರಿದ್ದನ್ನು ಅನ್ಯಾಯ ಎಂದವರು ಈಗ ಇಳಿದದ್ದನ್ನು ನ್ಯಾಯ ಎನ್ನುವಂತಿಲ್ಲ. ಎರಡೂ ಒಂದೇ ನಿಯಮದ ಎರಡು ಮುಖ.

ಅಂಗಡಿಕಾರನಿಗೆ ಇದರಿಂದ ಎಷ್ಟು ಪೆಟ್ಟು ಬಿತ್ತು? ಸಣ್ಣ ಅಂಗಡಿಯಲ್ಲಿ 500 ಗ್ರಾಂ ತಯಾರಾದ ಒಡವೆ ಇತ್ತೆಂದು ಹಿಡಿದರೆ, ಗ್ರಾಂಗೆ 330 ರೂಪಾಯಿಯಂತೆ ಒಂದು ಲಕ್ಷ ಅರವತ್ತೈದು ಸಾವಿರ ರೂಪಾಯಿ ರಾತ್ರಿ ಕಳೆಯುವುದರಲ್ಲಿ ಆವಿಯಾಯಿತು. ಆದರೆ ಹಳೆಯ ಸರಾಫರು ಲಾಭ ನಷ್ಟವನ್ನು ರೂಪಾಯಿಯಲ್ಲಿ ನೋಡುವುದಿಲ್ಲ, ತೂಕದಲ್ಲಿ ನೋಡುತ್ತಾರೆ. ಇಂದು 20 ಗ್ರಾಂ ಮಾರಿದರೆ ಇಂದೇ 20 ಗ್ರಾಂ ಗಟ್ಟಿ ಹುಬ್ಬಳ್ಳಿಯಿಂದ ತರಿಸಿ ದಾಸ್ತಾನು ಸರಿಮಾಡಿಡುತ್ತಾರೆ. ಅಗ್ಗಕ್ಕೆ ಮಾರಿದ್ದನ್ನು ಅಗ್ಗಕ್ಕೇ ತಂದರೆ ತೂಕದಲ್ಲಿ ಕಳೆದದ್ದು ಏನೂ ಇಲ್ಲ; ದುಡಿಮೆ ಮಜೂರಿಯಲ್ಲಿ. ಪೆಟ್ಟು ನಿಜವಾಗಿ ಬೀಳುವುದು ಬಡ್ಡಿಗೆ ಹಣ ತಂದು ದಾಸ್ತಾನು ಮಾಡಿದವನಿಗೆ. ಸಾಲ ರೂಪಾಯಿಯಲ್ಲಿದೆ, ಮಾಲು ಗ್ರಾಂನಲ್ಲಿದೆ. ಮಾಲಿನ ಬೆಲೆ ಇಳಿದರೂ ಸಾಲ ಇಳಿಯುವುದಿಲ್ಲ. ಬ್ಯಾಂಕಿನಲ್ಲಿ ಒಡವೆ ಅಡವಿಟ್ಟ ರೈತನ ಸ್ಥಿತಿಯೂ ಇದೇ.

ಇನ್ನು ಗಿರಾಕಿಯ ಕಡೆಯ ಲೆಕ್ಕ. ಶ್ರಾವಣದ ಲಗ್ನಕ್ಕೆಂದು ಮಗಳಿಗೆ 20 ಗ್ರಾಂನ ಒಂದು ಸರ ಕೊಳ್ಳುವ ಮನೆಯೊಂದನ್ನು ಎಣಿಸಿಕೊಳ್ಳಬಹುದು. ಒಡವೆಯ ಚಿನ್ನ 22 ಕ್ಯಾರೆಟ್, ಅಂದರೆ 24 ಭಾಗದಲ್ಲಿ 22 ಭಾಗ ಚಿನ್ನ, ಉಳಿದದ್ದು ತಾಮ್ರ ಬೆಳ್ಳಿ ಮುಂತಾದ ಬೆರಕೆ. 1000ದಲ್ಲಿ 916 ಎನ್ನುವುದು ಇದನ್ನೇ. ಒಡವೆಯ ಮೇಲಿನ ಹಾಲ್‌ಮಾರ್ಕ್ ಮುದ್ರೆಯಲ್ಲಿ ಈ 916 ಅಂಕಿಯೂ, ಅಕ್ಷರ ಅಂಕಿಗಳು ಬೆರೆತ ಆರು ಸ್ಥಾನಗಳ ಗುರುತೂ ಇರುತ್ತವೆ; ದರ ಇಳಿದ ದಿನವೂ ಇವು ಇರಲೇಬೇಕು. "ಅಗ್ಗವಾಗಿದೆ ಅಂದರೆ ಬಂಗಾರ ಕಡಿಮೆ ಹಾಕಿರಬೇಕು" ಎಂಬ ಗುಮಾನಿಗೆ ಚೀಟಿಯಲ್ಲಿ ಒಂದು ಸಾಲು ಮೀಸಲಾದದ್ದು ಇದಕ್ಕಾಗಿ.

ಅಪ್ಪಟ ದರದ 0.916 ಪಾಲು ತೆಗೆದರೆ ಗ್ರಾಂಗೆ 22ರಂದು 6,705 ರೂಪಾಯಿ, 23ರ ಸಂಜೆ 6,375 ರೂಪಾಯಿ. (ಊರಿಂದೂರಿಗೆ, ಅಂಗಡಿಯಿಂದ ಅಂಗಡಿಗೆ ಇದು ತುಸು ಹೆಚ್ಚು ಕಡಿಮೆ ಇರುತ್ತದೆ.) 22ರಂದು ಕೊಂಡಿದ್ದರೆ ಚಿನ್ನದ ಬೆಲೆ 1,34,100. ಮಜೂರಿ ಶೇ. 10 ಎಂದು ಹಿಡಿದರೆ 13,410. ಎರಡರ ಮೊತ್ತದ ಮೇಲೆ ಶೇ. 3 ಜಿಎಸ್‌ಟಿ. ಒಟ್ಟು ಬಿಲ್ಲು 1,51,935. ಹೊಸ ದರದಲ್ಲಿ ಚಿನ್ನ 1,27,500, ಮಜೂರಿ 12,750, ಜಿಎಸ್‌ಟಿ ಸೇರಿ 1,44,458. ಉಳಿತಾಯ 7,477 ರೂಪಾಯಿ. ಚಿನ್ನದಲ್ಲಿ ಉಳಿದದ್ದು 6,600 ಮಾತ್ರ. ಮಿಕ್ಕ 877 ಮಜೂರಿಯಿಂದ ಮತ್ತು ತೆರಿಗೆಯಿಂದ. ಏಕೆಂದರೆ ಶೇಕಡಾ ಲೆಕ್ಕದ ಮಜೂರಿ ಚಿನ್ನದ ದರದ ಬಾಲ ಹಿಡಿದು ಏರುತ್ತದೆ, ಇಳಿಯುತ್ತದೆ. ಚಿನ್ನ ತುಟ್ಟಿಯಾದರೆ ಪತ್ತಾರ ಮಾಡುವ ಕೆಲಸವೇನೂ ಹೆಚ್ಚಾಗದಿದ್ದರೂ ಮಜೂರಿ ಹೆಚ್ಚಾಗುವುದು ಹೀಗೆ. ಗ್ರಾಂಗೆ ಇಷ್ಟು ಎಂದು ಮಜೂರಿ ಹಿಡಿಯುವ ಅಂಗಡಿಯಲ್ಲಿ ಈ ಉಳಿತಾಯ ಸಿಗುವುದಿಲ್ಲ, ಆದರೆ ದರ ಏರಿದಾಗ ಮಜೂರಿಯ ಏರಿಕೆಯೂ ಇರುವುದಿಲ್ಲ. "ಮಜೂರಿಯಲ್ಲಿ ಬದಲಿಲ್ಲ" ಎಂಬ ಚೀಟಿಯ ಕೊನೆಯ ಸಾಲು ಆದ್ದರಿಂದ ಅರ್ಧ ಮಾತು. ಶೇಕಡಾದಲ್ಲಿ ಬದಲಿಲ್ಲವೋ, ರೂಪಾಯಿಯಲ್ಲಿ ಬದಲಿಲ್ಲವೋ ಎಂದು ಕೇಳಿ ತಿಳಿಯಬೇಕು.

ಜಗಳ ಹುಟ್ಟುವುದು ಹೆಚ್ಚಾಗಿ ಮುಂಗಡದ ಚೀಟಿಯಲ್ಲಿ. ಅದೇ ಮನೆಯವರು ಜುಲೈ 20ರಂದು 50,000 ರೂಪಾಯಿ ಮುಂಗಡ ಕೊಟ್ಟಿದ್ದರೆ, ಚೀಟಿಯಲ್ಲಿ ಎರಡು ರೀತಿ ಬರೆದಿರಬಹುದು. "20 ಗ್ರಾಂ ಸರಕ್ಕೆ ಮುಂಗಡ ರೂ. 50,000" ಎಂದಷ್ಟೇ ಇದ್ದರೆ ದರ ತೆರೆದಿದೆ, ಒಯ್ಯುವ ದಿನದ ದರ ಹತ್ತುತ್ತದೆ, ಇಳಿಕೆಯ ಲಾಭ ಗಿರಾಕಿಯದು. "ಗ್ರಾಂಗೆ ರೂ. 6,705ರಂತೆ" ಎಂದು ದರ ಬರೆದಿದ್ದರೆ ಅದು ಒಪ್ಪಂದ. ದರ ಏರಿದ್ದರೆ ಇದೇ ಚೀಟಿ ತೋರಿಸಿ ಗಿರಾಕಿ ಹಳೆಯ ದರಕ್ಕೆ ಒಡವೆ ಒಯ್ಯುತ್ತಿದ್ದ. ಇಳಿದಾಗ ಬೇಡ ಎಂದರೆ ಅಂಗಡಿಕಾರನಿಗೆ ಕಷ್ಟ. ಅವನು ಆ ಚೀಟಿಯ ಭರವಸೆಯ ಮೇಲೆ 20 ಗ್ರಾಂ ಗಟ್ಟಿಯನ್ನು ಅದೇ ದಿನ ಹಳೆಯ ದರದಲ್ಲಿ ತಂದಿರಬಹುದು. ಆದರೆ ತಂದೇ ಇಲ್ಲದಿದ್ದರೆ? ಮುಂಗಡದ ಹಣ ಬೇರೆಲ್ಲೋ ತಿರುಗಿಸಿ, ಗಟ್ಟಿಯನ್ನು ಇಳಿದ ದರದಲ್ಲಿ ಈಗ ಕೊಳ್ಳುವವನಾಗಿದ್ದರೆ ಗ್ರಾಂಗೆ 330 ರೂಪಾಯಿ ಅವನಿಗೆ ಅನಾಯಾಸ ಲಾಭ. ಚೀಟಿಯಲ್ಲಿ "ಬಂದು ಮಾತಾಡಬೇಕು" ಎಂದಿರುವುದರ ಒಳಗುಟ್ಟು ಇದು. ಮಾತಾಡುವಾಗ ಗಿರಾಕಿ ಕೇಳಬೇಕಾದ ಪ್ರಶ್ನೆ ಒಂದೇ: "ನಮ್ಮ ಸಲುವಾಗಿ ಗಟ್ಟಿ ತರಿಸಿದ ದಿನ ಯಾವುದ್ರೀ?" ಉತ್ತರ ನೇರವಾಗಿದ್ದರೆ ವ್ಯತ್ಯಾಸವನ್ನು ಹಂಚಿಕೊಂಡು ಮುಗಿಸುವುದು ಕಷ್ಟವೇನಲ್ಲ.

ಹಳೆಯ ಒಡವೆ ಹಾಕಿ ಹೊಸದು ಒಯ್ಯುವವರಿಗೆ ಈ ಗದ್ದಲದಿಂದ ಹೆಚ್ಚೇನೂ ಆಗುವುದಿಲ್ಲ. 20 ಗ್ರಾಂ ಹಳೆಯದು ಇಂದಿನ ದರಕ್ಕೆ ಹೋಗುತ್ತದೆ, 20 ಗ್ರಾಂ ಹೊಸದು ಇಂದಿನ ದರಕ್ಕೆ ಬರುತ್ತದೆ. ಕರಗಿಸಿದಾಗ ಕಳೆಯುವ ತೂಕ, ಬೆರಕೆಯ ವ್ಯತ್ಯಾಸ, ಮಜೂರಿ, ತೆರಿಗೆ ಇವಿಷ್ಟು ಕೈಯಿಂದ ಹೋಗುವುದು. ಎರಡೂ ಕಡೆ ಒಂದೇ ದಿನದ ದರ ಹಿಡಿದಿದ್ದಾರೆಯೇ ಎಂಬುದನ್ನು ಮಾತ್ರ ಬಿಲ್ಲಿನಲ್ಲಿ ನೋಡಬೇಕು. ಹೊಸದಕ್ಕೆ ಮೊನ್ನೆಯ ದರ, ಹಳೆಯದಕ್ಕೆ ಇಂದಿನ ದರ ಹಾಕಿದರೆ ಅಲ್ಲಿ ಮೋಸ ಇದೆ.

ದರ ಇಳಿದ ಪ್ರತಿ ಸಲವೂ ಸುಂಕವೇ ಕಾರಣವಾಗಿರುವುದಿಲ್ಲ. ಮೇಲಿನ ಲೆಕ್ಕದಲ್ಲಿ ಬದಲಾಗಬಲ್ಲ ಅಂಕಿಗಳು ಮೂರು: ಲೋಕದ ಡಾಲರ್ ಬೆಲೆ, ಡಾಲರಿಗೆ ರೂಪಾಯಿಯ ದರ, ಸುಂಕ. ಪ್ರಯೋಗಶಾಲೆಯಲ್ಲಿ ಮಾಡುವಂತೆ ಎರಡನ್ನು ಹಿಡಿದಿಟ್ಟು ಮೂರನೆಯದನ್ನು ನೋಡಬೇಕು. 2024ರ ಜುಲೈ 23ರಂದು ಡಾಲರ್ ಬೆಲೆ 2,400ರ ಸುತ್ತಲೇ ಇತ್ತು, ಸಂಜೆಗೆ ಒಂದಿಷ್ಟು ಏರಿಯೂ ಇತ್ತು. ರೂಪಾಯಿಯೂ ಹೆಚ್ಚು ಕದಲಲಿಲ್ಲ. ಲೋಕದಲ್ಲೆಲ್ಲ ಚಿನ್ನ ನಿಂತಲ್ಲೇ ನಿಂತಿರುವಾಗ ಭಾರತದಲ್ಲಿ ಮಾತ್ರ ಇಳಿದರೆ ಕಾರಣ ಭಾರತದ್ದೇ ಇರಬೇಕು.

ಇದಕ್ಕೆ ತದ್ವಿರುದ್ಧವಾದದ್ದು 2013ರ ಏಪ್ರಿಲ್. ಶುಕ್ರವಾರ 12 ಮತ್ತು ಸೋಮವಾರ 15, ಈ ಎರಡು ವಹಿವಾಟಿನ ದಿನಗಳಲ್ಲಿ ನ್ಯೂಯಾರ್ಕಿನಲ್ಲಿ ಚಿನ್ನ ಔನ್ಸ್‌ಗೆ 1,560 ಡಾಲರಿನ ಮಟ್ಟದಿಂದ 1,360ರ ಮಟ್ಟಕ್ಕೆ ಕುಸಿಯಿತು, ಅಂದರೆ ಸುಮಾರು ಶೇ. 13. ಭಾರತದಲ್ಲಿ ಆಗ ಸುಂಕ ಶೇ. 6 ಇತ್ತು, ಅದು ಅಲುಗಾಡಿರಲಿಲ್ಲ. ಇಲ್ಲಿ ದರ ಇಳಿದದ್ದು ಪೂರ್ತಿಯಾಗಿ ಹೊರಗಿನ ಕಾರಣದಿಂದ. "ರಾತ್ರೋರಾತ್ರಿ ಇಳಿಯಿತು" ಎಂಬ ಮಾತು ಅಕ್ಷರಶಃ ನಿಜವಾಗುವುದು ಇಂಥ ಸಂದರ್ಭದಲ್ಲಿ: ಶಿಗ್ಗಾವಿಯ ಅಂಗಡಿ ಬಾಗಿಲು ಹಾಕಿ ಮಲಗಿದ ಮೇಲೆ ನ್ಯೂಯಾರ್ಕಿನ ಪೇಟೆ ಬಿರುಸಾಗಿರುತ್ತದೆ, ಅಲ್ಲಿಯ ಕುಸಿತ ಇಲ್ಲಿ ಮುಂಜಾನೆಯ ದರಪಟ್ಟಿಯಲ್ಲಿ ಕಾಣುತ್ತದೆ. ಅದೇ ವರ್ಷದ ಆಗಸ್ಟ್ ಮೂರನೆಯ ಪಾಠವನ್ನೂ ಕಲಿಸಿತು. ಆಗಸ್ಟ್ 28ರಂದು ರೂಪಾಯಿ ಒಂದು ಡಾಲರಿಗೆ 68ನ್ನೂ ದಾಟಿ ಬಿದ್ದಿತ್ತು, ಸುಂಕ ಶೇ. 10ಕ್ಕೆ ಏರಿತ್ತು. ಡಾಲರ್ ಲೆಕ್ಕದಲ್ಲಿ ಚಿನ್ನ ಏಪ್ರಿಲ್ ಆರಂಭದ ಮಟ್ಟಕ್ಕಿಂತ ಕೆಳಗೇ ಇದ್ದರೂ ಭಾರತದಲ್ಲಿ ಅದರ ಬೆಲೆ ಅಂದಿನವರೆಗಿನ ದಾಖಲೆಗಳನ್ನೆಲ್ಲ ಮುರಿಯಿತು.

ಪತ್ರಿಕೆಯಲ್ಲಿ ಬರುವ ಡಾಲರ್ ಬೆಲೆ, ರೂಪಾಯಿಯ ದರ ಎರಡನ್ನೂ ಗೀಟು ಹಾಕಿದ ಪಟ್ಟಿಯಲ್ಲಿ ಬರೆದುಕೊಂಡು ಹದಿನೈದು ದಿನ ಈ ಲೆಕ್ಕ ಮಾಡಿದ ವಿದ್ಯಾರ್ಥಿಗೆ ಅಂಗಡಿಯ ದರ ಎಲ್ಲಿರಬೇಕೆಂದು ಸ್ಥೂಲವಾಗಿ ತಿಳಿಯುತ್ತದೆ. ಸ್ಥೂಲವಾಗಿ ಎಂದದ್ದಕ್ಕೆ ಕಾರಣವಿದೆ. ಸಾಗಣೆ, ವಿಮೆ, ಬ್ಯಾಂಕಿನ ಖರ್ಚು, ಬೇಡಿಕೆ ಹೆಚ್ಚು ಕಡಿಮೆಯಾದಾಗ ಸೇರುವ ಇಲ್ಲವೆ ಕಳೆಯುವ ಮೊತ್ತ ಇವು ಯಾವುವೂ ಈ ಲೆಕ್ಕದಲ್ಲಿಲ್ಲ. ಉತ್ತರ ಒಂದೆರಡು ಶೇಕಡಾ ಆಚೀಚೆ ಬಂದರೆ ಸಹಜ. ಐದು ಶೇಕಡಾ ಆಚೆ ಬಂದರೆ ಮೊದಲು ಔನ್ಸ್ ಸರಿಯಾಗಿ ಹಿಡಿದಿದೆಯೇ, 22 ಮತ್ತು 24 ಕ್ಯಾರೆಟ್ ಅದಲುಬದಲಾಗಿದೆಯೇ, ಅಂಗಡಿಯ ದರದಲ್ಲಿ ಜಿಎಸ್‌ಟಿ ಸೇರಿದೆಯೇ ಎಂದು ನೋಡಬೇಕು. ಆಮೇಲೆ ಅಂಗಡಿಕಾರನನ್ನು ಕೇಳಬೇಕು.

ಸುಂಕದ ಇಳಿಕೆಗೂ ಮಾರುಕಟ್ಟೆಯ ಇಳಿಕೆಗೂ ಇನ್ನೊಂದು ಭೇದವಿದೆ. ನಕ್ಷೆ ಕಾಗದದ ಮೇಲೆ ದಿನದ ದರವನ್ನು ಗುರುತಿಸುತ್ತ ಹೋದರೆ ಸುಂಕದ ಇಳಿಕೆ ಒಂದು ಮೆಟ್ಟಿಲಿನಂತೆ ಕಾಣುತ್ತದೆ: ಒಂದೆರಡು ದಿನಗಳಲ್ಲಿ ಕೆಳಗಿನ ಮೆಟ್ಟಿಲಿಗೆ ಬಂದು, ಅಲ್ಲಿಂದ ಮತ್ತೆ ಲೋಕದ ಬೆಲೆ ಎಳೆದತ್ತ ಸಾಗುತ್ತದೆ. ಇಳಿಯತೊಡಗಿದೆ, ಇನ್ನೂ ಇಳಿಯಲಿ ಎಂದು ಕಾಯುವವರಿಗೆ ಮೆಟ್ಟಿಲು ಮತ್ತು ಇಳಿಜಾರಿನ ವ್ಯತ್ಯಾಸ ಗೊತ್ತಿರಬೇಕು. 2024ರ ಅಕ್ಟೋಬರ್ ಕೊನೆಗೆ, ದೀಪಾವಳಿಯ ಹೊತ್ತಿಗೆ, ಲೋಕದ ಬೆಲೆ ಔನ್ಸ್‌ಗೆ 2,780 ಡಾಲರಿನ ಹತ್ತಿರ ಬಂದಿತ್ತು. ಸುಂಕ ಅದೇ ಶೇ. 6. ರೂಪಾಯಿ ಡಾಲರಿಗೆ 84ರ ಆಸುಪಾಸು. ಮೇಲಿನ ಲೆಕ್ಕವನ್ನೇ ಮತ್ತೆ ಮಾಡಿದರೆ ತೊಲಿಗೆ 79,500ರಷ್ಟು ಬರುತ್ತದೆ. ಅಂಗಡಿಗಳಲ್ಲಿಯೂ ಆಗ ಅಪ್ಪಟ ಚಿನ್ನ 79 ಸಾವಿರವನ್ನು ದಾಟಿತ್ತು.